ಒಂಬೈನೂರು ಕೊಟ್ಟು ಹತ್ತು ಸಾವಿರ ಮುರಿದುಕೊಂಡ ಲೆಕ್ಕ: ಒಂದು ಕಮಿಷನ್ ಪ್ರಕರಣ

ದಾವಣಗೆರೆಯಲ್ಲಿ ಬೀಜ, ಔಷಧಿ, ಸ್ಪ್ರೇಯರ್‌ಗಳನ್ನು ಸಗಟಾಗಿ ಹಂಚುವ ಒಂದು ಸಂಸ್ಥೆಯ ಪ್ರಕರಣ ಇದು. ಸಂಸ್ಥೆಯ ಹೆಸರು, ಅಲ್ಲಿನವರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಂತೆ ಮೊತ್ತಗಳನ್ನು ಹಿಂದೆ ಮುಂದೆ ಮಾಡಿದ್ದೇನೆ. ಲೆಕ್ಕದ ಸ್ವರೂಪವನ್ನು ಮಾತ್ರ ಮುಟ್ಟಿಲ್ಲ. ನಾನು ಈ ಭಾಗದ ಸಣ್ಣ ಸಂಸ್ಥೆಗಳಿಗೆ ಸಂಬಳ, ಕಮಿಷನ್ ಲೆಕ್ಕ ಕೂಡಿಸಿಕೊಡುವ ಕೆಲಸ ಮಾಡುತ್ತೇನೆ. ಜಗಳ ಶುರುವಾದ ಮೇಲೆ ನನ್ನನ್ನು ಕರೆಸಿದ್ದರು.

ಹಿನ್ನೆಲೆ

ಸಂಸ್ಥೆಯಲ್ಲಿ ನಾಲ್ಕು ಲೈನ್ ಇವೆ: ಜಗಳೂರು, ಹರಿಹರ, ಚನ್ನಗಿರಿ, ಹೊಳಲ್ಕೆರೆ. ಒಂದೊಂದು ಲೈನಿಗೆ ಒಬ್ಬ ಸೇಲ್ಸ್‌ಮನ್. ಹಳ್ಳಿಗಳ ಗೊಬ್ಬರದಂಗಡಿಗಳಿಗೆ ಹೋಗಿ ಆರ್ಡರ್ ತರುವುದು, ಹಣ ವಸೂಲಿ ಮಾಡುವುದು ಅವರ ಕೆಲಸ. ನಾಲ್ಕೂ ಲೈನಿನ ಗುಣ ಬೇರೆ ಬೇರೆ. ಹರಿಹರದ ಕಡೆ ಭದ್ರಾ ನಾಲೆಯ ನೀರು, ಭತ್ತ. ಚನ್ನಗಿರಿ ಕಡೆ ಅಡಿಕೆ ತೋಟ, ವರ್ಷವಿಡೀ ಒಂದಿಷ್ಟು ವ್ಯಾಪಾರ ಇದ್ದೇ ಇರುತ್ತದೆ. ಜಗಳೂರು ಮಳೆ ನಂಬಿದ ಸೀಮೆ, ಮೆಕ್ಕೆಜೋಳವೇ ಜಾಸ್ತಿ. ಹೊಳಲ್ಕೆರೆ ಲೈನ್ ಹೊಸದು, ಅಂಗಡಿಗಳು ಇನ್ನೂ ಕೈಗೆ ಬರುತ್ತಿದ್ದವು.

ಸಂಬಳದ ಮೇಲೆ ಕಮಿಷನ್ ಹೀಗಿತ್ತು. ತಿಂಗಳ ಮಾರಾಟ 5 ಲಕ್ಷದವರೆಗೆ ಇದ್ದರೆ 1%. 5 ಲಕ್ಷ ದಾಟಿದರೆ 1.5%. 8 ಲಕ್ಷ ದಾಟಿದರೆ 2.5%. ಜಿಎಸ್‌ಟಿ ಬಿಟ್ಟು ಮೂಲ ಬೆಲೆಯ ಮೇಲೆ ಲೆಕ್ಕ. ಇದರ ಜೊತೆಗೆ ನಾಲ್ಕೂ ಲೈನ್ ಸೇರಿ 30 ಲಕ್ಷ ಮುಟ್ಟಿದರೆ 16,000 ರೂಪಾಯಿ ತಂಡದ ಬೋನಸ್, ತಲಾ 4,000.

ವಾಪಸ್ ಬಂದ ಸರಕಿಗೆ ಒಂದೇ ಸಾಲಿನ ನಿಯಮ. ಯಾವ ತಿಂಗಳು ಸರಕು ವಾಪಸ್ ಬರುತ್ತದೋ ಆ ತಿಂಗಳ ಮಾರಾಟದಲ್ಲಿ ಕಳೆಯುವುದು. ಟ್ಯಾಲಿಯಲ್ಲಿ ತಿಂಗಳ ಮಾರಾಟ, ವಾಪಸ್ ಬಂದ ಸರಕಿಗೆ ಆ ತಿಂಗಳು ಬರೆದ ಕ್ರೆಡಿಟ್ ನೋಟ್, ಎರಡರ ವ್ಯತ್ಯಾಸ. ಅಕೌಂಟೆಂಟ್‌ಗೆ ಐದು ನಿಮಿಷದ ಕೆಲಸ. ಬಹಳ ಕಡೆ ಇದೇ ಪದ್ಧತಿ ನಡೆಯುತ್ತದೆ, ಯಾಕೆಂದರೆ ನೋಡುವುದಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಬೀಜದ ವ್ಯಾಪಾರದಲ್ಲಿ ರಿಟರ್ನ್ ಎನ್ನುವುದು ಅಪರೂಪದ ಸಂಗತಿಯಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೀಜದ ಚೀಲದ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ಬಿತ್ತನೆ ಕಾಲ ಮುಗಿದ ಮೇಲೆ ಉಳಿದ ಚೀಲ ಅಂಗಡಿಯವರಿಗೆ ಹೊರೆ. ಅದನ್ನು ವಿತರಕರು ವಾಪಸ್ ತೆಗೆದುಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆಯೇ ಅವರು ಮೇ, ಜೂನ್‌ನಲ್ಲಿ ಸರಕು ತುಂಬಿಕೊಳ್ಳುವುದು.

ಜಗಳ ಎಲ್ಲಿಂದ ಬಂತು

ಮೊದಲು ಸಿಡಿದವರು ಹರಿಹರ ಲೈನಿನವರು. ಜುಲೈಯಲ್ಲಿ ಅವರ ಮಾರಾಟ 8.6 ಲಕ್ಷ. 2.5%ರಂತೆ 21,500 ರೂಪಾಯಿ ಬರುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದರು. ಆದರೆ ಮೇ ತಿಂಗಳಲ್ಲಿ ಕೊಟ್ಟಿದ್ದ 90,000 ರೂಪಾಯಿಯ ಸರಕು ಜುಲೈಯಲ್ಲಿ ವಾಪಸ್ ಬಂತು. 8.6ರಲ್ಲಿ 0.9 ಕಳೆದರೆ 7.7 ಲಕ್ಷ. 8ರ ಗೆರೆಯ ಕೆಳಗೆ ಬಿದ್ದರು. ಕೈಗೆ ಬಂದದ್ದು 1.5%ರಂತೆ 11,550. ಅಂದರೆ ಒಂದು ರಿಟರ್ನ್‌ನಿಂದ ಹೋದದ್ದು 9,950.

ಮೇ ತಿಂಗಳಲ್ಲಿ ಅವರ ಮಾರಾಟ 4.6 ಲಕ್ಷ ಮಾತ್ರ. ಆಗ ಈ 90,000ದ ಸರಕಿಗೆ ಅವರಿಗೆ ಸಿಕ್ಕ ಕಮಿಷನ್ 1%, ಬರೀ 900 ರೂಪಾಯಿ.

"ಮಾರಿದ್ದಕ್ಕೆ ಒಂಬೈನೂರು ಕೊಟ್ರಿ, ವಾಪಸ್ ಬಂದಿದ್ದಕ್ಕೆ ಹತ್ತು ಸಾವಿರ ಮುರ್ಕೊಂಡ್ರಿ. ಇದ್ಯಾವ ಲೆಕ್ಕ ಸಾವ್ಕಾರ್ರೆ?" ಎಂದು ಅವರು ಅಂಗಡಿಯಲ್ಲೇ ನಿಂತು ಕೇಳಿದರಂತೆ. ಮಾಲೀಕರ ಹತ್ತಿರ ಉತ್ತರ ಇರಲಿಲ್ಲ. ಅಕೌಂಟೆಂಟ್ ಮತ್ತೆ ಕೂಡಿಸಿ ನೋಡಿದರು. ನಿಯಮದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು.

ಅದೇ ನಿಯಮ ಜಗಳೂರು ಲೈನಿನಲ್ಲಿ ತಿರುವುಮುರುವಾಗಿ ಕೆಲಸ ಮಾಡಿತ್ತು. ಜೂನ್ ಕೊನೆಯ ವಾರಕ್ಕೆ ಅವರ ಮಾರಾಟ 6.8 ಲಕ್ಷ. ಗೆರೆ ದಾಟಬೇಕಿತ್ತು. ಪರಿಚಯದ ಎರಡು ಅಂಗಡಿಗೆ 1.4 ಲಕ್ಷದ ಮೆಕ್ಕೆಜೋಳದ ಬೀಜ ಇಳಿಸಿದರು. "ಹೋಗದಿದ್ರೆ ವಾಪಸ್ ತಗೊಳ್ತೀವಿ ಬಿಡಣ್ಣ" ಎಂಬ ಮಾತಿನ ಮೇಲೆ. ಒಟ್ಟು 8.2 ಲಕ್ಷ ಆಯಿತು, ಕಮಿಷನ್ 20,500. ಆ ವರ್ಷ ಜುಲೈ ಮಳೆ ಕೈಕೊಟ್ಟಿತು. ಆಗಸ್ಟ್‌ನಲ್ಲಿ ಆ 1.4 ಲಕ್ಷದ ಸರಕು ಹಾಗೇ ವಾಪಸ್ ಬಂತು. ಆಗಸ್ಟ್ ಮಾರಾಟ ಹೇಗೂ ಮಂದ, 4.2 ಲಕ್ಷ. ಅದರಲ್ಲಿ 1.4 ಕಳೆದು 1% ಹಾಕಿದರು. ಹೋದದ್ದು 1,400 ರೂಪಾಯಿ ಅಷ್ಟೇ.

ಆ ಸರಕು ಹೋಗದೇ ಇದ್ದಿದ್ದರೆ ಜೂನ್‌ನಲ್ಲಿ ಅವರಿಗೆ ಬರುತ್ತಿದ್ದದ್ದು 6.8 ಲಕ್ಷಕ್ಕೆ 1.5%, ಅಂದರೆ 10,200. ಸಿಕ್ಕಿದ್ದು 20,500. ಜಾಸ್ತಿ ಬಂದ 10,300ರಲ್ಲಿ 1,400 ಮುರಿದರೂ 8,900 ಉಳಿಯಿತು. ಹೋಗಿ ಬಂದ ಸರಕಿಗೆ ಸಂಸ್ಥೆ ಅಷ್ಟು ಹಣ ಕೊಟ್ಟಂತಾಯಿತು, ಲಾರಿ ಬಾಡಿಗೆ ಬೇರೆ.

ಮೂರನೆಯದು ತಂಡದ ಬೋನಸ್. ಜೂನ್‌ನಲ್ಲಿ ನಾಲ್ಕೂ ಲೈನ್ ಸೇರಿ 30.6 ಲಕ್ಷ ಆಗಿತ್ತು, ಬೋನಸ್ ಹಂಚಿಯೂ ಆಗಿತ್ತು. ಜಗಳೂರಿನ 1.4 ಲಕ್ಷ ಕಳೆದರೆ ಜೂನ್‌ನ ನಿಜವಾದ ಮಾರಾಟ 29.2. ಗುರಿ ಮುಟ್ಟಿರಲೇ ಇಲ್ಲ. ಮಾಲೀಕರು ಎಲ್ಲರಿಂದಲೂ 4,000 ವಾಪಸ್ ಹಿಡಿಯುತ್ತೇನೆ ಎಂದರು. ಚನ್ನಗಿರಿಯವರ ಒಂದು ಚೀಲವೂ ವಾಪಸ್ ಬಂದಿರಲಿಲ್ಲ. "ಬೇರೆಯವರ ಅಂಗಡಿ ಸರಕಿಗೆ ನಾನ್ಯಾಕೆ ಕಟ್ಟಬೇಕು?" ಎಂದು ಅವರು ಎದ್ದು ಹೋದರು.

ಮೊದಲು ಮಾಡಿ ನೋಡಿದ ಎರಡು ಉಪಾಯ

ಸೆಪ್ಟೆಂಬರ್‌ನಲ್ಲಿ ಅಕೌಂಟೆಂಟ್ ಒಂದು ಸುಲಭದ ದಾರಿ ಸೂಚಿಸಿದರು. ಯಾವ ತಿಂಗಳಿನದಾದರೂ ಆಗಲಿ, ವಾಪಸ್ ಬಂದ ಸರಕಿಗೆ ನೇರವಾಗಿ 2.5% ಮುರಿಯುವುದು. ಗೆರೆ ಹತ್ತಿಸಲು ಸರಕು ತಳ್ಳುವುದು ಇದರಿಂದ ನಿಲ್ಲುತ್ತದೆ ಎಂಬುದು ಅವರ ಎಣಿಕೆ. ಆದರೆ ಹೊಳಲ್ಕೆರೆಯವರು 2.5%ರ ಗೆರೆಯನ್ನು ಒಮ್ಮೆಯೂ ಕಂಡವರಲ್ಲ. 40,000 ರೂಪಾಯಿಯ ಸರಕು ಮಾರಿದಾಗ 1%ರಂತೆ ಅವರಿಗೆ ಸಿಕ್ಕಿದ್ದು 400. ಅದು ವಾಪಸ್ ಬಂದಾಗ ಹೋದದ್ದು 1,000. ಎಲ್ಲರಿಗಿಂತ ಕಡಿಮೆ ಗಳಿಸುವವರಿಗೇ ಎಲ್ಲರಿಗಿಂತ ಜಾಸ್ತಿ ಪೆಟ್ಟು. ಜಗಳೂರಿನ ಜೂನ್‌ಗೆ ಇದೇ ಲೆಕ್ಕ ಹಾಕಿದರೆ 3,500 ಮುರಿಯಬೇಕು. ಅಲ್ಲಿ ಜಾಸ್ತಿ ಬಂದದ್ದು 10,300. ಅಂದರೆ ಯಾರನ್ನು ತಡೆಯಬೇಕೆಂದು ಈ ನಿಯಮ ತಂದರೋ ಅವರಿಗೆ ಇನ್ನೂ ಲಾಭವೇ.

ಎರಡನೆಯದು ಮಾಲೀಕರದ್ದೇ ಯೋಚನೆ. ಹಿಂಗಾರಿಗೆ ಮುಂಚೆ "15 ದಿನದ ಮೇಲೆ ರಿಟರ್ನ್ ಇಲ್ಲ" ಎಂದು ಎಲ್ಲ ಅಂಗಡಿಗೂ ಹೇಳಿ ಕಳಿಸಿದರು. ಅಂಗಡಿಯವರು ಜಗಳ ಆಡಲಿಲ್ಲ. ಸುಮ್ನೆ ಆರ್ಡರ್ ಕಡಿಮೆ ಮಾಡಿದರು, ಉಳಿದದ್ದನ್ನು ರಿಟರ್ನ್ ತೆಗೆದುಕೊಳ್ಳುವ ಇನ್ನೊಬ್ಬ ವಿತರಕರಿಗೆ ಕೊಟ್ಟರು. ಅದರಲ್ಲೂ ಜಗಳೂರಿನ ಕಡೆ, ಮಳೆಯ ಅಪಾಯವನ್ನು ಪೂರ್ತಿ ತಲೆ ಮೇಲೆ ಹೊತ್ತುಕೊಳ್ಳಲು ಯಾವ ಅಂಗಡಿಯವರೂ ಒಪ್ಪುವುದಿಲ್ಲ. ಮಾಲೀಕರೇ ಆ ನಿಯಮವನ್ನು ಬೇಗ ಕೈಬಿಟ್ಟರು. ರಿಟರ್ನ್ ನಿಲ್ಲಿಸಿದರೆ ವ್ಯಾಪಾರವೇ ನಿಲ್ಲುತ್ತದೆ, ಹಾಗಾಗಿ ರಿಟರ್ನ್ ಇಟ್ಟುಕೊಂಡೇ ಕಮಿಷನ್ ಲೆಕ್ಕ ಸರಿಮಾಡಬೇಕು ಎಂಬುದು ಆಗ ಎಲ್ಲರಿಗೂ ಒಪ್ಪಿಗೆಯಾಯಿತು.

ಮೂಲ ತಿಂಗಳಿಗೆ ಹಿಂತಿರುಗಿ

ನಾನು ಕೂತಾಗ ಮೊದಲು ಮಾಡಿದ್ದು, ಪ್ರತಿ ರಿಟರ್ನ್ ಅನ್ನೂ ಅದು ಹುಟ್ಟಿದ ಬಿಲ್ಲಿನ ತಿಂಗಳಿಗೆ ಕಳಿಸುವುದು. ಜೂನ್‌ನಲ್ಲಿ ಹೋದ ಸರಕು ಆಗಸ್ಟ್‌ನಲ್ಲಿ ಬಂದರೆ ಆಗಸ್ಟ್ ಮಾರಾಟವನ್ನು ಮುಟ್ಟಬಾರದು. ಜೂನ್ ಮಾರಾಟವನ್ನು ಇಳಿಸಿ, ಜೂನ್ ಕಮಿಷನ್ನನ್ನು ಮತ್ತೆ ಮೊದಲಿಂದ ಕೂಡಿಸಬೇಕು. ಈಗಾಗಲೇ ಕೊಟ್ಟದ್ದಕ್ಕೂ ಹೊಸದಾಗಿ ಬಂದ ಮೊತ್ತಕ್ಕೂ ಇರುವ ವ್ಯತ್ಯಾಸವೇ ಮುರಿಯಬೇಕಾದ ಹಣ. ಕ್ಲಾಬ್ಯಾಕ್ ಎಂದು ಕರೆಯುವುದು ಇದನ್ನೇ.

ಹರಿಹರದವರಿಗೆ ಇದರಿಂದ ನ್ಯಾಯ ಸಿಕ್ಕಿತು. ಮೇ ತಿಂಗಳ 4.6 ಲಕ್ಷ 3.7 ಆಗುತ್ತದೆ, ಹೋಗುವುದು 900 ರೂಪಾಯಿ. ಜುಲೈಯ 8.6 ಹಾಗೇ ನಿಲ್ಲುತ್ತದೆ. ಮಾಲೀಕರು ಅವರಿಗೆ 9,050 ರೂಪಾಯಿ ವಾಪಸ್ ಕೊಟ್ಟರು. ತಂಡದ 4,000ವನ್ನೂ ಯಾರಿಂದಲೂ ಹಿಡಿಯಲಿಲ್ಲ. ಈ ಎರಡು ತೀರ್ಮಾನ ಆಗದಿದ್ದರೆ ಮುಂದಿನ ಮಾತುಕತೆಗೆ ಸೇಲ್ಸ್‌ನವರು ಕೂರುತ್ತಲೇ ಇರಲಿಲ್ಲ ಎಂದು ನನ್ನ ನಂಬಿಕೆ.

ಆದರೆ ಜಗಳೂರಿನ ಲೆಕ್ಕ ಇದೇ ರೀತಿಯಲ್ಲಿ ಭಯಂಕರವಾಗಿ ಬಂತು. 8.2 ಲಕ್ಷ 6.8 ಆದಾಗ 20,500 ಇದ್ದದ್ದು 10,200 ಆಗುತ್ತದೆ. ಮುರಿಯಬೇಕಾದದ್ದು 10,300. ಆಗಸ್ಟ್‌ನಲ್ಲಿ ಅವರ ಇಡೀ ಕಮಿಷನ್ನೇ 4,200. ಉಳಿದದ್ದನ್ನು ಎಲ್ಲಿಂದ ಹಿಡಿಯುವುದು? ಸಂಬಳದಿಂದ ಎಂದರು ಮಾಲೀಕರು. ನಾನು ಬೇಡ ಎಂದೆ. ಸಂಬಳದಿಂದ ಏನನ್ನು ಕಡಿಯಬಹುದು ಎಂಬುದನ್ನು ಕಾನೂನು ಪಟ್ಟಿ ಮಾಡಿದೆ, ಒಟ್ಟು ಕಡಿತಕ್ಕೂ ಮಿತಿ ಹಾಕಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಸಾಮಾನ್ಯ ಮಿತಿ ವೇತನದ ಅರ್ಧ. ಕಾನೂನು ಹಾಗಿರಲಿ, ಮನೆ ಬಾಡಿಗೆಗೆ, ಮಕ್ಕಳ ಫೀಸಿಗೆ ಎಂದು ನಂಬಿಕೊಂಡ ಸಂಬಳದಲ್ಲಿ ಮಳೆ ಬಾರದ್ದಕ್ಕೆ ಮುರಿದರೆ ಆ ಮನುಷ್ಯ ಕೆಲಸದಲ್ಲಿ ಉಳಿಯುತ್ತಾನಾ?

ಈ ಪ್ರಕರಣ ತಿರುವು ಪಡೆದದ್ದು ಇಲ್ಲಿ. ಮುರಿಯುವ ನಿಯಮ ಎಷ್ಟೇ ಸರಿಯಾಗಿದ್ದರೂ ಸ್ಲ್ಯಾಬ್ ಇರುವ ರೀತಿಯೇ ಅದನ್ನು ಕ್ರೂರ ಮಾಡುತ್ತಿತ್ತು. 7.9 ಲಕ್ಷ ಮಾರಿದರೆ 11,850. 8.1 ಲಕ್ಷ ಮಾರಿದರೆ 20,250. ಮಧ್ಯದ ಇಪ್ಪತ್ತು ಸಾವಿರದ ಸರಕಿಗೆ 8,400 ರೂಪಾಯಿ. ಯಾಕೆಂದರೆ ಗೆರೆ ದಾಟಿದ ಕೂಡಲೇ ಮೊದಲ ರೂಪಾಯಿಯಿಂದಲೂ 2.5% ಸಿಗುತ್ತಿತ್ತು. ಇಂಥ ಗೆರೆ ಇದ್ದರೆ ತಿಂಗಳ ಕೊನೆಯಲ್ಲಿ ಸರಕು ತಳ್ಳದೇ ಇರುವವರು ಯಾರು? ಜಗಳೂರಿನವರನ್ನು ಬೈಯುವುದಕ್ಕಿಂತ ಮೊದಲು ಈ ಗೆರೆಯನ್ನು ನೋಡಬೇಕಿತ್ತು.

ಹೊಸ ಸ್ಲ್ಯಾಬ್

ಪರಿಹಾರ ಹೊಸದೇನಲ್ಲ, ಆದಾಯ ತೆರಿಗೆಯಲ್ಲಿ ನಡೆಯುವುದೇ ಹೀಗೆ. ಒಂದೊಂದು ಸ್ಲ್ಯಾಬಿನ ದರ ಆ ಸ್ಲ್ಯಾಬಿನೊಳಗಿನ ಮೊತ್ತಕ್ಕೆ ಮಾತ್ರ. ಗೆರೆ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಹೆಚ್ಚಿನ ದರ. ಆದರೆ ಹಳೇ ದರವನ್ನೇ ಇಟ್ಟು ಹೀಗೆ ಮಾಡಿದರೆ ಎಲ್ಲರ ಕಮಿಷನ್ ಕುಸಿಯುತ್ತದೆ. 8.1 ಲಕ್ಷಕ್ಕೆ 20,250 ಇದ್ದದ್ದು 9,750 ಆಗಿಬಿಡುತ್ತದೆ. ಹಾಗಾಗಿ ದರ ಏರಿಸಲೇಬೇಕು. ಹಿಂದಿನ ವರ್ಷದ ಹನ್ನೆರಡೂ ತಿಂಗಳ ನಿವ್ವಳ ಮಾರಾಟವನ್ನು ಹಾಕಿ, ವರ್ಷದ ಒಟ್ಟು ಕಮಿಷನ್ ಹಳೆಯದರ ಹತ್ತಿರಕ್ಕೇ ಬರುವಂತೆ ದರಗಳನ್ನು ಹೊಂದಿಸಿದೆವು. 5 ಲಕ್ಷದವರೆಗಿನ ಮೊತ್ತಕ್ಕೆ 1.5%, 5ರಿಂದ 8ರವರೆಗಿನದಕ್ಕೆ 2.5%, 8ರ ಮೇಲಿನದಕ್ಕೆ 4%.

| ತಿಂಗಳ ನಿವ್ವಳ ಮಾರಾಟ | ಹಳೇ ಕಮಿಷನ್ | ಹೊಸ ಕಮಿಷನ್ |
|---|---|---|
| 4 ಲಕ್ಷ | 4,000 | 6,000 |
| 6 ಲಕ್ಷ | 9,000 | 10,000 |
| 7.9 ಲಕ್ಷ | 11,850 | 14,750 |
| 8.1 ಲಕ್ಷ | 20,250 | 15,400 |
| 9 ಲಕ್ಷ | 22,500 | 19,000 |
| 12 ಲಕ್ಷ | 30,000 | 31,000 |

ಮಂದ ತಿಂಗಳಲ್ಲಿ ಕೈಗೆ ಜಾಸ್ತಿ ಬರುತ್ತದೆ, ಸೀಸನ್ ತಿಂಗಳಲ್ಲಿ ಕಡಿಮೆ. 8ರಿಂದ ಸುಮಾರು 11.3 ಲಕ್ಷದ ನಡುವೆ ಇರುವವರಿಗೆ ನಷ್ಟ. ಇದನ್ನು ಮುಚ್ಚಿಡದೆ ಎಲ್ಲರೆದುರೇ ಇಟ್ಟೆವು.

ಎಕ್ಸೆಲ್‌ನಲ್ಲಿ ಇದಕ್ಕೆ ಒಂದೇ ಸೂತ್ರ ಸಾಕು. `B2`ನಲ್ಲಿ ಆ ತಿಂಗಳ ಬಿಲ್ಲುಗಳ ಈವರೆಗಿನ ನಿವ್ವಳ ಮೊತ್ತ ಇರುತ್ತದೆ:

```
=MIN(B2,500000)*1.5%+MAX(0,MIN(B2,800000)-500000)*2.5%+MAX(0,B2-800000)*4%
```

ಹಳೇ ಜೂನ್ ಅನ್ನೇ ಇದಕ್ಕೆ ಹಾಕಿ ನೋಡಿದೆವು. ಜಗಳೂರಿನ 8.2 ಲಕ್ಷಕ್ಕೆ 15,800. ರಿಟರ್ನ್ ಕಳೆದ 6.8 ಲಕ್ಷಕ್ಕೆ 12,000. ಮುರಿಯಬೇಕಾದದ್ದು 3,800. ಸರಕು ತಳ್ಳಿದಾಗ ಜಾಸ್ತಿ ಸಿಗುವುದೂ ಅದೇ 3,800, ವಾಪಸ್ ಬಂದಾಗ ಹೋಗುವುದೂ ಅದೇ. ಹತ್ತು ಸಾವಿರದ ಆಸೆಯೂ ಇಲ್ಲ, ಹತ್ತು ಸಾವಿರದ ಪೆಟ್ಟೂ ಇಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಒಂದೇ ತಿಂಗಳ ಬಿಲ್ಲಿನ ಸರಕು ಎರಡು ಮೂರು ಸಲವಾಗಿ ವಾಪಸ್ ಬಂದರೆ, ಪ್ರತಿ ರಿಟರ್ನ್ ಅನ್ನೂ ಮೂಲ ಮೊತ್ತದಿಂದ ಬೇರೆ ಬೇರೆಯಾಗಿ ಕಳೆಯಬಾರದು. ಜಗಳೂರಿನ ಸರಕು ಮೊದಲು 20,000, ಆಮೇಲೆ 1.2 ಲಕ್ಷ ಎಂದು ಬಂತು ಅಂದುಕೊಳ್ಳಿ. ಎರಡನ್ನೂ 8.2ರಿಂದಲೇ ಕಳೆದರೆ 800 ಮತ್ತು 3,300, ಒಟ್ಟು 4,100 ಬರುತ್ತದೆ. ಸರಿಯಾದದ್ದು 3,800. ಮೇಲಿನ 4%ರ ಇಪ್ಪತ್ತು ಸಾವಿರವನ್ನು ಎರಡು ಸಲ ಮುರಿದಂತಾಗುತ್ತದೆ. ಹಾಗಾಗಿ ಪ್ರತಿ ಸಲವೂ ಈಗಿನ ನಿವ್ವಳ ಮೊತ್ತಕ್ಕೆ ಕಮಿಷನ್ ಪೂರ್ತಿ ಹೊಸದಾಗಿ ಕೂಡಿಸಿ, ಈವರೆಗೆ ಕೊಟ್ಟದ್ದನ್ನು ಕಳೆಯಬೇಕು. ಲೆಕ್ಕ ತಪ್ಪಿದೆಯೇ ಎಂದು ತಿಳಿಯುವುದು ಸುಲಭ: ಎಲ್ಲ ರಿಟರ್ನ್ ಮುಗಿದ ಮೇಲೆ ಕೈಗೆ ಉಳಿದ ಕಮಿಷನ್, ಆ ಸರಕು ಹೋಗದೇ ಇದ್ದಿದ್ದರೆ ಬರುತ್ತಿದ್ದ ಕಮಿಷನ್ನಿಗೆ ಸಮ ಇರಬೇಕು. ಒಂದು ರೂಪಾಯಿ ಆಚೀಚೆ ಆದರೂ ಎಲ್ಲೋ ತಪ್ಪಿದೆ.

ಯಾವ ಬಿಲ್ಲಿನ ಸರಕು?

ಕಾಗದದ ಮೇಲೆ ಇಷ್ಟು ಸಲೀಸಾದದ್ದು ಗೋಡೌನ್‌ನಲ್ಲಿ ತೊಡಕಾಯಿತು. ಅಂಗಡಿಯವರು ಸರಕು ವಾಪಸ್ ಕಳಿಸುವಾಗ ಬಿಲ್ ನೋಡಿ ಕಳಿಸುವುದಿಲ್ಲ. ಮೇ ತಿಂಗಳದ್ದು, ಜೂನ್‌ದು ಎಲ್ಲ ಸೇರಿಸಿ ಟಾಟಾ ಏಸ್‌ಗೆ ಹಾಕಿ ಕಳಿಸುತ್ತಾರೆ. ಕ್ರೆಡಿಟ್ ನೋಟ್‌ನಲ್ಲಿ ಮೂಲ ಬಿಲ್ಲಿನ ನಂಬರ್ ಇಲ್ಲದಿದ್ದರೆ ಮೇಲೆ ಹೇಳಿದ ಲೆಕ್ಕವೆಲ್ಲ ಊಹೆಯ ಮೇಲೆ ನಿಲ್ಲುತ್ತದೆ.

ಅದಕ್ಕೆ ಚೀಲದ ಮೇಲಿನ ಲಾಟ್ ನಂಬರ್ ಹಿಡಿದೆವು. ಬಿಲ್ ಮಾಡುವಾಗಲೂ ಲಾಟ್ ನಂಬರ್ ಬರೆಯುವುದು, ವಾಪಸ್ ಬಂದಾಗಲೂ ಅದನ್ನೇ ನೋಡಿ ಬಿಲ್ ಹುಡುಕುವುದು. ಒಂದೇ ಲಾಟಿನ ಸರಕು ಒಂದೇ ಅಂಗಡಿಗೆ ಎರಡು ಬಿಲ್ಲಿನಲ್ಲಿ ಹೋಗಿದ್ದರೆ ಕೊನೆಯ ಬಿಲ್ಲಿಗೆ ಮೊದಲು ಹಾಕುವುದು ಎಂದು ತೀರ್ಮಾನವಾಯಿತು. ಮಾರಾಟವಾಗದೆ ಉಳಿಯುವುದು ಸಾಮಾನ್ಯವಾಗಿ ಕೊನೆಗೆ ಬಂದ ಸರಕೇ. ತಿಂಗಳ ಕೊನೆಯಲ್ಲಿ ತಳ್ಳಿದ ಬಿಲ್ಲಿನ ಮೇಲೆಯೇ ಭಾರ ಬೀಳುವುದರಿಂದ ತಳ್ಳುವ ಆಸೆಗೂ ಕಡಿವಾಣ. ಗೋಡೌನ್‌ನವರು ಆರಂಭದಲ್ಲಿ ಗೊಣಗಿದರು. ಸೀಸನ್‌ನಲ್ಲಿ ಲಾರಿ ನಿಂತಿರುವಾಗ ಲಾಟ್ ಬರೆಯುವುದು ಸಣ್ಣ ಕೆಲಸವಲ್ಲ, ಅದು ನಿಜ. ಕೊನೆಗೆ ಬೀಜಕ್ಕೆ ಮಾತ್ರ ಲಾಟ್, ಉಳಿದ ಸರಕಿಗೆ ಕೊನೆಯ ಬಿಲ್ಲೇ ಮೊದಲು ಎಂಬ ನಿಯಮ ಸಾಕು ಎಂದು ಒಪ್ಪಿಕೊಂಡರು.

ವಾಪಸ್ ಬಂದ ಕಾರಣವನ್ನೂ ಕ್ರೆಡಿಟ್ ನೋಟ್‌ನಲ್ಲಿ ಬರೆಯಬೇಕು ಎಂದಾಯಿತು. ಮಾರಾಟವಾಗದೆ ಬಂದದ್ದಕ್ಕೆ ಮಾತ್ರ ಕಮಿಷನ್ ಮುರಿಯುವುದು. ಗೋಡೌನ್‌ನವರು ಬೇರೆ ತಳಿ ಕಳಿಸಿದ್ದರೆ, ಬೀಜ ಮೊಳಕೆ ಬಂದಿಲ್ಲ ಎಂದು ದೂರು ಬಂದು ವಾಪಸ್ ಆಗಿದ್ದರೆ, ಅದು ಸೇಲ್ಸ್‌ನವರ ಲೆಕ್ಕಕ್ಕೆ ಬರುವುದಿಲ್ಲ. ಕಾರಣ ಬರೆಯುವವರು ಗೋಡೌನ್‌ನವರು, ಸೇಲ್ಸ್‌ನವರಲ್ಲ. ಆರ್ಡರ್ ಕಾಪಿ, ಲೋಡ್ ಕಾಪಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾರ ತಪ್ಪು ಎಂದು ತಿಳಿಯುತ್ತದೆ. "ಗೋಡೌನ್ ತಪ್ಪು" ಎಂಬ ಕಾರಣ ಒಂದು ಲೈನಿನಲ್ಲಿ ಮಾತ್ರ ಪದೇ ಪದೇ ಕಂಡರೆ ಆ ಕಾಪಿಗಳನ್ನು ತೆಗೆದು ನೋಡುವ ಕೆಲಸ ಮಾಲೀಕರದ್ದು.

ತಡೆಹಿಡಿದ ಹಣ ಮತ್ತು ತಂಡದ ಬೋನಸ್

ಕೊಟ್ಟ ಹಣವನ್ನು ವಾಪಸ್ ಕೇಳುವುದು ಯಾವತ್ತೂ ಕಷ್ಟ. ಅದಕ್ಕೆ ತಿಂಗಳ ಕಮಿಷನ್‌ನ ಕಾಲು ಭಾಗವನ್ನು ತಡೆದು, 60 ದಿನ ಕಳೆದ ಮೇಲೆ ಕೊಡುವುದು ಎಂದು ಮಾಡಿದೆವು. ಹಳೇ ಜೂನ್‌ಗೆ ಇದನ್ನು ಹಾಕಿದರೆ 15,800ರಲ್ಲಿ 3,950 ತಡೆಯಲ್ಲಿ ಇರುತ್ತಿತ್ತು. ಮುರಿಯಬೇಕಾದದ್ದು 3,800. ಕೈಗೆ ಸೇರಿದ ಹಣದಿಂದ ಒಂದು ಪೈಸೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ತಡೆದ ಹಣ ಸಾಲದಿದ್ದರೆ ಮುಂದಿನ ಕಮಿಷನ್‌ನಿಂದ ಹಿಡಿಯಬಹುದು, ಆದರೆ ಒಂದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚಿಲ್ಲ. ಸಂಬಳವನ್ನು ಮುಟ್ಟುವಂತಿಲ್ಲ.

60 ದಿನ ಕಳೆದ ಮೇಲೆ ಬಂದ ರಿಟರ್ನ್‌ಗೆ ಕಮಿಷನ್ ಮುರಿಯುವುದಿಲ್ಲ ಎಂಬ ಷರತ್ತಿಗೆ ಮಾಲೀಕರು ಬಹಳ ಹೊತ್ತು ಒಪ್ಪಲಿಲ್ಲ. "ಅರವತ್ತೊಂದನೇ ದಿನಕ್ಕೆ ತಂದು ಇಳಿಸ್ತಾರೆ ನೋಡ್ರಿ" ಎಂದರು. ಅವರ ಅನುಮಾನ ಸುಳ್ಳಲ್ಲ. ಅದಕ್ಕೆ ಬೀಜಕ್ಕೆ ದಿನದ ಲೆಕ್ಕ ಬಿಟ್ಟು, ಮುಂಗಾರಿನ ಬೀಜಕ್ಕೆಲ್ಲ ಒಂದೇ ಕೊನೆಯ ದಿನ ಎಂದು ಆಗಸ್ಟ್ 31 ಇಟ್ಟೆವು. ಅದೇ ದಿನಾಂಕವನ್ನು ಅಂಗಡಿಯವರಿಗೂ ರಿಟರ್ನ್‌ಗೆ ಕೊನೆಯ ದಿನವಾಗಿ ತಿಳಿಸಿದೆವು. ಅಂಗಡಿಯ ಗಡುವು, ಕಮಿಷನ್ನಿನ ಗಡುವು ಎರಡೂ ಒಂದೇ ಆದಾಗ ಅಡ್ಡದಾರಿಗೆ ಜಾಗ ಕಡಿಮೆ.

ತಂಡದ ಬೋನಸ್‌ಗೆ ಮುರಿಯುವ ನಿಯಮವನ್ನೇ ಇಡಲಿಲ್ಲ. ರಿಟರ್ನ್ ಗಡುವು ಮುಗಿದ ಮೇಲೆ, ನಿವ್ವಳ ಮಾರಾಟ ನೋಡಿ ಕೊಡುವುದು. ಜೂನ್ ಬೋನಸ್ ಸೆಪ್ಟೆಂಬರ್‌ನಲ್ಲಿ ಕೈಗೆ ಬರುತ್ತದೆ. ತಡವಾಗುತ್ತದೆ ಎಂದು ಸೇಲ್ಸ್‌ನವರು ಬೇಸರಪಟ್ಟರು, ಆದರೆ ಒಮ್ಮೆ ಕೊಟ್ಟದ್ದನ್ನು ಯಾರೂ ವಾಪಸ್ ಕೇಳುವುದಿಲ್ಲ ಎಂಬ ಮಾತಿಗೆ ಒಪ್ಪಿದರು. 30 ಲಕ್ಷದ ಒಂದೇ ಗೆರೆಯನ್ನೂ ಒಡೆದೆವು. 27 ಲಕ್ಷಕ್ಕೆ 8,000ದಿಂದ ಶುರುವಾಗಿ 30 ಲಕ್ಷಕ್ಕೆ 16,000ದವರೆಗೆ ಏರುತ್ತದೆ. ಹಳೇ ಜೂನ್‌ನ 29.2 ಲಕ್ಷಕ್ಕೆ ಈ ಲೆಕ್ಕದಲ್ಲಿ ಸುಮಾರು 13,870 ಬರುತ್ತದೆ. ಒಬ್ಬರ ರಿಟರ್ನ್‌ನಿಂದ ಉಳಿದವರಿಗೆ ಪೂರ್ತಿ ಬೋನಸ್ ತಪ್ಪುವುದಿಲ್ಲ, ತಲಾ ಐನೂರು ಚಿಲ್ಲರೆ ಕಡಿಮೆಯಾಗುತ್ತದೆ ಅಷ್ಟೇ. ತಂಡ ಎಂದ ಮೇಲೆ ಅಷ್ಟು ಹಂಚಿಕೊಳ್ಳಬಹುದು ಎಂದು ಮೊದಲು ಹೇಳಿದವರು ಹರಿಹರದವರು.

ಮುಂದಿನ ಮುಂಗಾರಿನಲ್ಲಿ

ಹೊಸ ಲೆಕ್ಕ ಏಪ್ರಿಲ್‌ನಲ್ಲಿ ಶುರುವಾಯಿತು. ಅದಕ್ಕೆ ಮುಂಚಿನ ಬಿಲ್ಲುಗಳಿಗೆ ಹಳೇ ದರ. ಮೊದಲ ಎರಡು ತಿಂಗಳು ಹಳೆಯದು, ಹೊಸದು ಎರಡನ್ನೂ ಕೂಡಿಸಿ ಯಾವುದು ಜಾಸ್ತಿಯೋ ಅದನ್ನು ಕೊಟ್ಟರು.

ಜೂನ್ ಕೊನೆಯ ವಾರದ ಬಿಲ್ಲಿಂಗ್ ನೋಡಲು ನಾನೇ ಹೋಗಿ ಕೂತಿದ್ದೆ. ಪ್ರತಿ ವರ್ಷ ಕಾಣುತ್ತಿದ್ದ ನೂಕುನುಗ್ಗಲು ಇರಲಿಲ್ಲ. ಜಗಳೂರಿನವರು 7.4 ಲಕ್ಷಕ್ಕೆ ತಿಂಗಳು ಮುಗಿಸಿದರು. ಗೆರೆಗೆ ಅರವತ್ತು ಸಾವಿರ ಬಾಕಿ ಇದ್ದರೂ ತಳ್ಳಲಿಲ್ಲ. "ತಳ್ಳಿದ್ರೆ ಸಾವಿರದೈನೂರು ಬರುತ್ತೆ ಸಾರ್, ಆಮೇಲೆ ಅದನ್ನ ಮತ್ತೆ ಹೊತ್ಕೊಂಡು ಬರ್ಬೇಕು. ಯಾಕೆ ಬೇಕು?" ಎಂದರು. ಆಗಸ್ಟ್‌ನಲ್ಲಿ ಅವರ ಲೈನಿನಿಂದ ವಾಪಸ್ ಬಂದ ಬೀಜ ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ. ಆ ವರ್ಷ ಮಳೆಯೂ ಚೆನ್ನಾಗಿತ್ತು, ಹಾಗಾಗಿ ಎಲ್ಲ ಶ್ರೇಯವನ್ನೂ ಹೊಸ ಲೆಕ್ಕಕ್ಕೆ ಕೊಡಲು ನಾನು ಸಿದ್ಧನಿಲ್ಲ. ಜೂನ್ ಕೊನೆಯ ವಾರದ ಬಿಲ್ಲುಗಳು ಕಡಿಮೆಯಾದದ್ದು ಮಾತ್ರ ಮಳೆಯಿಂದ ಆದದ್ದಲ್ಲ.

ಕಳೆದುಕೊಂಡದ್ದೂ ಇದೆ. ಚನ್ನಗಿರಿಯವರು ಸಾಮಾನ್ಯವಾಗಿ 8.9 ಲಕ್ಷದ ಆಸುಪಾಸಿನಲ್ಲಿ ಇರುವವರು. ಹಳೇ ಲೆಕ್ಕದಲ್ಲಿ 22,250 ಬರುತ್ತಿತ್ತು, ಹೊಸದರಲ್ಲಿ 18,600. ಅವರ ಸರಕು ವಾಪಸ್ ಬರುವುದೇ ಅಪರೂಪ, ಹಾಗಾಗಿ ಹೊಸ ನಿಯಮದ ಲಾಭ ಅವರಿಗೆ ಇಲ್ಲ, ನಷ್ಟ ಮಾತ್ರ ಇದೆ. ಎರಡು ತಿಂಗಳ ರಕ್ಷಣೆ ಮುಗಿದ ಮೇಲೆ ಅವರು ಇನ್ನೊಂದು ಕಡೆ ಸೇರಿಕೊಂಡರು. ಒಳ್ಳೆಯ ಮನುಷ್ಯ, ಲೈನಿನ ಅಂಗಡಿಗಳೆಲ್ಲ ಅವರನ್ನು ನಂಬಿದ್ದವು. ಆಮೇಲೆ ಸಂಸ್ಥೆ ಒಂದು ಬದಲಾವಣೆ ತಂದಿತು. ವರ್ಷದ ಕೊನೆಗೆ ಒಟ್ಟು ಮಾರಾಟದಲ್ಲಿ ರಿಟರ್ನ್ ಪಾಲು 2%ಕ್ಕಿಂತ ಕಡಿಮೆ ಇರುವ ಲೈನಿಗೆ, ಆ ವರ್ಷದ ನಿವ್ವಳ ಮಾರಾಟದ ಮೇಲೆ ಇನ್ನೂ 0.3%. ತಿಂಗಳಿಗೆ 8.9 ಲಕ್ಷದಂತೆ ವರ್ಷಕ್ಕೆ 32,000 ಆಗುತ್ತದೆ. ಚನ್ನಗಿರಿಯವರಂಥವರಿಗೆ ತಿಂಗಳಿಗೆ ಹೋಗುತ್ತಿದ್ದ 3,650 ಪೂರ್ತಿ ತುಂಬುವುದಿಲ್ಲ, ಆದರೆ ಬಹುಪಾಲು ತುಂಬುತ್ತದೆ. ಇದನ್ನು ಏಪ್ರಿಲ್‌ನಲ್ಲೇ ತಂದಿದ್ದರೆ ಅವರು ಉಳಿಯುತ್ತಿದ್ದರು ಎಂದು ಮಾಲೀಕರು ಈಗಲೂ ಹೇಳುತ್ತಾರೆ.

ಇನ್ನೂ ಕಣ್ಣಿಟ್ಟಿರಬೇಕಾದ ಒಂದು ಜಾಗ ಉಳಿದಿದೆ. 6 ಲಕ್ಷದ ತಿಂಗಳಲ್ಲಿ ಹೋದ ಸರಕನ್ನು ವಾಪಸ್ ತೋರಿಸಿ, 9 ಲಕ್ಷದ ತಿಂಗಳಲ್ಲಿ ಅದೇ ಅಂಗಡಿಗೆ ಮತ್ತೆ ಬಿಲ್ ಮಾಡಿದರೆ 2.5% ಹೋಗಿ 4% ಬರುತ್ತದೆ. ಸರಕು ಅಂಗಡಿಯಿಂದ ಅಲುಗಿಯೇ ಇರುವುದಿಲ್ಲ. ಬೀಜದಲ್ಲಿ ಲಾಟ್ ನಂಬರ್ ಇದನ್ನು ಹಿಡಿದುಕೊಡುತ್ತದೆ. ಔಷಧಿ, ಸ್ಪ್ರೇಯರ್‌ಗಳಿಗೆ ನಾವು ಅದನ್ನು ಬರೆಯುವುದಿಲ್ಲ. ಅದಕ್ಕೆ ಅಕೌಂಟೆಂಟ್ ಈಗ ಪ್ರತಿ ತಿಂಗಳು ಒಂದು ಪಟ್ಟಿ ತೆಗೆಯುತ್ತಾರೆ: ಒಂದೇ ಅಂಗಡಿ, ಒಂದೇ ಸರಕು, ಕ್ರೆಡಿಟ್ ನೋಟ್ ಆದ 30 ದಿನದೊಳಗೆ ಮತ್ತೆ ಬಿಲ್. ಆ ಪಟ್ಟಿಯಲ್ಲಿ ಸಿಕ್ಕ ಬಿಲ್ಲನ್ನು ಹೊಸ ಮಾರಾಟ ಎಂದು ಎಣಿಸದೆ ಮೂಲ ತಿಂಗಳಿಗೇ ವಾಪಸ್ ಸೇರಿಸುತ್ತಾರೆ.